ಅಪ್ಪನಿಗೆ 70 ತುಂಬುತ್ತದೆ, ಎಂಡಿ ಆಗಿ ಮುಂದುವರಿಯಬಹುದಾ?

ಬದಿಯಡ್ಕ ಕಡೆಯ ಓದುಗರೊಬ್ಬರ ಪ್ರಶ್ನೆ: "ನಮ್ಮದು ಮನೆಯವರೇ ನಡೆಸುವ ಅಡಿಕೆ ವ್ಯಾಪಾರದ ಪ್ರೈವೇಟ್ ಲಿಮಿಟೆಡ್ ಕಂಪನಿ. ಅಪ್ಪನೇ ಎಂಡಿ. ಅವರ ಅವಧಿ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆದರೆ 2026ರ ಸೆಪ್ಟೆಂಬರ್ 10ಕ್ಕೇ ಅವರಿಗೆ 70 ತುಂಬುತ್ತದೆ. ಪ್ರೈವೇಟ್ ಕಂಪನಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ ಅಂತ ಭಾವ ಹೇಳುತ್ತಾರೆ. ಹೌದಾ?"

ಅಲ್ಲ. ಈ ಮಾತನ್ನು ಎಷ್ಟು ಸಲ ತಿದ್ದಿದರೂ ಅದು ಮತ್ತೆ ಯಾರದ್ದಾದರೂ ಬಾಯಲ್ಲಿ ಬಂದೇ ಬರುತ್ತದೆ. ಇವತ್ತು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಂಡಿ ನೇಮಕದ ನಿಯಮ ಇರುವುದು 2013ರ ಕಂಪನಿ ಕಾಯ್ದೆಯ 196ನೇ ಸೆಕ್ಷನ್‌ನಲ್ಲಿ. 2015ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಪ್ರೈವೇಟ್ ಕಂಪನಿಗಳಿಗೆ ಕೆಲವು ವಿನಾಯಿತಿ ಕೊಟ್ಟಿತು. ಭಾವ ಕೇಳಿರುವುದು ಅದರ ಸುದ್ದಿಯನ್ನೇ. ಆದರೆ ಆ ವಿನಾಯಿತಿ 196ರ 4 ಮತ್ತು 5ನೇ ಉಪಸೆಕ್ಷನ್‌ಗೆ ಮಾತ್ರ. ಎಂಡಿಯ ನೇಮಕ, ಸಂಬಳ, ಷರತ್ತುಗಳಿಗೆ ಬೋರ್ಡಿನ ಒಪ್ಪಿಗೆಯ ಮೇಲೆ ಮುಂದಿನ ಸಾಮಾನ್ಯ ಸಭೆಯ ಒಪ್ಪಿಗೆಯೂ ಬೇಕು ಅನ್ನುವ ಭಾಗ ಅದು. ಪ್ರೈವೇಟ್ ಕಂಪನಿಯಲ್ಲಿ ಇದಕ್ಕೆ ಬೋರ್ಡು ಸಾಕು. ನಿಮ್ಮ ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಬೇರೆ ಥರ ಬರೆದಿದ್ದರೆ ಮಾತ್ರ ಅದರಂತೆ ನಡೆಯಬೇಕು. ಇನ್ನೊಂದು, ಲೆಕ್ಕಪತ್ರವನ್ನಾಗಲಿ ವಾರ್ಷಿಕ ರಿಟರ್ನನ್ನಾಗಲಿ ಸಲ್ಲಿಸದೆ ಬಾಕಿ ಇಟ್ಟ ಕಂಪನಿಗೆ ಈ ವಿನಾಯಿತಿಯೂ ಸಿಗುವುದಿಲ್ಲ.

2 ಮತ್ತು 3ನೇ ಉಪಸೆಕ್ಷನ್‌ಗಳನ್ನು ಯಾರೂ ತೆಗೆದಿಲ್ಲ. ಒಂದು ಸಲಕ್ಕೆ ಐದು ವರ್ಷಕ್ಕಿಂತ ಜಾಸ್ತಿ ನೇಮಿಸುವ ಹಾಗಿಲ್ಲ. ಅವಧಿ ಮುಗಿಯಲು ಒಂದು ವರ್ಷಕ್ಕಿಂತ ಹೆಚ್ಚು ಇರುವಾಗ ಮರುನೇಮಕ ಮಾಡುವ ಹಾಗಿಲ್ಲ. 21 ತುಂಬದವರನ್ನು, 70 ತುಂಬಿದವರನ್ನು ನೇಮಿಸುವ ಹಾಗಿಲ್ಲ, ಮುಂದುವರಿಸುವ ಹಾಗೂ ಇಲ್ಲ. ಈ "ಮುಂದುವರಿಸುವ" ಅನ್ನುವುದನ್ನು ಗಮನಿಸಿ. 69ಕ್ಕೆ ನೇಮಿಸಿದೆವು, ಇನ್ನು ಐದು ವರ್ಷ ಯೋಚನೆಯಿಲ್ಲ ಅಂದುಕೊಂಡರೆ ಆಗುವುದಿಲ್ಲ. ಅವಧಿಯ ನಡುವೆ 70 ತುಂಬಿದರೂ ನಿಯಮ ಅನ್ವಯಿಸುತ್ತದೆ ಎಂದು ಬಾಂಬೆ ಹೈಕೋರ್ಟಿನ ವಿಭಾಗೀಯ ಪೀಠ 2016ರಲ್ಲಿ ಹೇಳಿದೆ.

ಹಾಗಾದರೆ 70ಕ್ಕೆ ಬಾಗಿಲು ಮುಚ್ಚಿತಾ? ಇಲ್ಲ. ಶೇರುದಾರರ ಸಭೆಯಲ್ಲಿ ವಿಶೇಷ ನಿರ್ಣಯ ಮಾಡಿದರೆ ಮುಂದುವರಿಸಬಹುದು. ಸಭೆಯ ನೋಟೀಸಿನ ಜೊತೆ ಕೊಡುವ ವಿವರಣೆಯಲ್ಲಿ ಅವರೇ ಯಾಕೆ ಬೇಕು ಎಂದು ಬರೆಯಬೇಕು. "ಅನುಭವಸ್ಥರು" ಅಂತ ಒಂದು ಸಾಲು ಗೀಚಿದರೆ ಸಾಲದು. ಖರೀದಿ ಯಾರು ನೋಡುತ್ತಾರೆ, ಬ್ಯಾಂಕಿನ ಸಾಲ ಯಾರ ಮೇಲೆ ನಿಂತಿದೆ, ಅದನ್ನು ಬರೆಯಿರಿ.

ಇನ್ನು ಓಟಿನ ಲೆಕ್ಕ. ವಿಶೇಷ ನಿರ್ಣಯಕ್ಕೆ ವಿರೋಧದ ಓಟಿಗಿಂತ ಪರವಾದ ಓಟು ಕನಿಷ್ಠ ಮೂರು ಪಟ್ಟು ಇರಬೇಕು. ಅಪ್ಪನದ್ದು 40 ಶೇರು, ಇಬ್ಬರು ಮಕ್ಕಳದ್ದು 15ರಂತೆ 30, ಚಿಕ್ಕಪ್ಪನದ್ದು 30 ಅಂದುಕೊಳ್ಳಿ. ಚಿಕ್ಕಪ್ಪ ಒಪ್ಪುವುದಿಲ್ಲ. ಕೈ ಎತ್ತಿಸಿದರೆ ಮೂರಕ್ಕೆ ಒಂದು, ಪಾಸು. ಆದರೆ ಹತ್ತನೇ ಒಂದು ಪಾಲಿನ ಓಟು ಇರುವವರು ಪೋಲ್ ಕೇಳಬಹುದು. ಪೋಲ್‌ನಲ್ಲಿ ಶೇರು ಎಣಿಸುತ್ತಾರೆ. 30ಕ್ಕೆ ಎದುರಾಗಿ 90 ಬೇಕು, ಇರುವುದು 70. ನಿರ್ಣಯ ಬಿತ್ತು. ಆಗಲೂ ಒಂದು ದಾರಿ ಉಳಿದಿದೆ. ಪರವಾದ ಓಟು ವಿರೋಧಕ್ಕಿಂತ ಜಾಸ್ತಿ ಇದ್ದುದರಿಂದ ಬೋರ್ಡು ಕೇಂದ್ರ ಸರ್ಕಾರಕ್ಕೆ ಅರ್ಜಿ ಹಾಕಬಹುದು. ಈ ನೇಮಕದಿಂದ ಕಂಪನಿಗೇ ಹೆಚ್ಚು ಲಾಭ ಎಂದು ಸರ್ಕಾರಕ್ಕೆ ಮನವರಿಕೆಯಾದರೆ ಒಪ್ಪಿಗೆ ಸಿಗುತ್ತದೆ. ಚಿಕ್ಕಪ್ಪನ ಹತ್ತಿರ ಮೊದಲೇ ಕೂತು ಮಾತಾಡುವುದು ಇದಕ್ಕಿಂತ ಸುಲಭ.

ನಿಮ್ಮ ವಿಷಯದಲ್ಲಿ ದಿನಾಂಕಗಳು ಅನುಕೂಲವಾಗಿಯೇ ಇವೆ. 2026ರ ಏಪ್ರಿಲ್ 1ರಿಂದ ಮರುನೇಮಕ ಮಾಡಬಹುದು. ಸೆಪ್ಟೆಂಬರ್ 10ರ ಒಳಗೆ ಒಂದೇ ಸಭೆ ಕರೆದು, ಉಳಿದ ಅವಧಿಗೆ ಮುಂದುವರಿಸುವುದಕ್ಕೂ ಹೊಸ ಅವಧಿಗೂ ವಿಶೇಷ ನಿರ್ಣಯ ಮಾಡಿ. 30 ದಿನದೊಳಗೆ ಕಂಪನಿ ರಿಜಿಸ್ಟ್ರಾರರಿಗೆ ಆ ನಿರ್ಣಯದ MGT-14 ಫಾರ್ಮ್ ಹಾಕಿ.

ಭಾವ ಕೇಳದಿದ್ದರೂ ಮುಂದೆ ಕೇಳುವ ಪ್ರಶ್ನೆ ಗೊತ್ತು: ಎಂಡಿ ಹುದ್ದೆ ಬಿಟ್ಟು ಬರೀ ಡೈರೆಕ್ಟರ್ ಆಗಿ ಇದ್ದರೆ? ಇರಬಹುದು. ಪ್ರೈವೇಟ್ ಕಂಪನಿಯ ಡೈರೆಕ್ಟರಿಗೆ ಕಾಯ್ದೆಯಲ್ಲಿ ಗರಿಷ್ಠ ವಯಸ್ಸಿಲ್ಲ. ಬೋರ್ಡು ಒಪ್ಪಿದರೆ ಚೆಕ್ಕಿಗೆ ಸಹಿಯನ್ನೂ ಹಾಕಬಹುದು, ಅಂಥ ದಿನನಿತ್ಯದ ಕೆಲಸದಿಂದ ಯಾರೂ ಎಂಡಿ ಆಗುವುದಿಲ್ಲ. ಆದರೆ ಕಂಪನಿ ನಡೆಸುವ ಮುಖ್ಯ ಅಧಿಕಾರವೆಲ್ಲ ಅವರ ಕೈಯಲ್ಲೇ ಇದ್ದರೆ, ಬೋರ್ಡಿನ ಕಾಗದದಲ್ಲಿ ಏನೇ ಹೆಸರು ಕೊಟ್ಟಿರಲಿ, ಕಾಯ್ದೆಯ ಕಣ್ಣಿಗೆ ಅವರು ಎಂಡಿಯೇ. ಆಗ 70ರ ನಿಯಮವೂ ಜೊತೆಗೇ ಬರುತ್ತದೆ.