ಮೋಟಾರ್ ಪುಲ್ಲಿ ಒಂದೇ ಇಂಚು ದೊಡ್ಡದು ಮಾಡಿದರೆ ಮೋಟಾರ್ ಯಾಕೆ ಸುಡುತ್ತದೆ?

ಓದುಗರ ಪ್ರಶ್ನೆ: ನಮ್ಮ ಅಡಿಕೆ ಡ್ರೈಯರ್‌ನ ಬ್ಲೋವರ್ ಗಾಳಿ ಸಾಲುತ್ತಿಲ್ಲ. ಮೋಟಾರ್ 5 ಎಚ್‌ಪಿ. ಅದರ 5 ಇಂಚಿನ ಪುಲ್ಲಿ ತೆಗೆದು 6 ಇಂಚಿನದು ಹಾಕಬಹುದಾ?

ಕೊಯ್ಲು ಶುರುವಾಯಿತು ಅಂದರೆ ಈ ಪ್ರಶ್ನೆಯೂ ಶುರು. ಮಳೆ ಬಿಟ್ಟಿರುವುದಿಲ್ಲ, ಬೇಯಿಸಿದ ಅಡಿಕೆ ಮನೆ ತುಂಬ ಬಿದ್ದಿರುತ್ತದೆ, ಒಂದು ದಿನ ತಡವಾದರೂ ಬೂಸ್ಟು ಹಿಡಿಯುವ ಭಯ. ಆ ಗಡಿಬಿಡಿ ನನಗೆ ಗೊತ್ತು. ಫೋನಿನಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಬರೆದೇ ಬಿಡುತ್ತೇನೆ.

ಉತ್ತರ: 6 ಇಂಚು ಬೇಡ. ಐದೂವರೆ ಹಾಕಬಹುದೇನೋ, ಆದರೆ ಮೊದಲು ಆಂಪ್ಸ್ ಅಳೆಯಬೇಕು.

ಹೋದ ವರ್ಷ ತೀರ್ಥಹಳ್ಳಿ ಕಡೆಯಿಂದ ಒಬ್ಬರು ಸುಟ್ಟ ಮೋಟಾರನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ನಿಮ್ಮದೇ ಲೆಕ್ಕ: 5 ಎಚ್‌ಪಿ ಮೋಟಾರ್, 1440 ಸುತ್ತು, ಬ್ಲೋವರ್ ಕಡೆ 10 ಇಂಚಿನ ಪುಲ್ಲಿ. ಮೋಟಾರ್ ಪುಲ್ಲಿಯನ್ನು 5ರಿಂದ 6 ಇಂಚಿಗೆ ಬದಲಾಯಿಸಿದ್ದರು. ಎರಡು ದಿನ ಗಾಳಿ ಚೆನ್ನಾಗಿಯೇ ಬಂತಂತೆ. ಆಮೇಲೆ ಸ್ಟಾರ್ಟರ್ ಪದೇ ಪದೇ ಟ್ರಿಪ್ ಆಗತೊಡಗಿತು. ಯಾರೋ ಬಂದು, ಲೋಡ್ ಮೀರಿದಾಗ ಮೋಟಾರ್ ನಿಲ್ಲಿಸುವ ರಿಲೇ ಕೆಟ್ಟಿದೆ ಎಂದು ಹೇಳಿ, ಅದರ ಸೆಟ್ಟಿಂಗ್ ಏರಿಸಿಕೊಟ್ಟು ಹೋದರು. ಮೂರನೇ ರಾತ್ರಿ ಮೋಟಾರ್ ಹೋಯಿತು. ನಾನು ಕವರ್ ಬಿಚ್ಚಿ ನೋಡಿದೆ. ಮೂರೂ ಫೇಸಿನ ಕಾಯಿಲ್‌ಗಳು ಒಂದೇ ಸಮ ಕಪ್ಪಾಗಿದ್ದವು, ವಾರ್ನಿಶ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಒಂದು ಫೇಸ್ ಕೈಕೊಟ್ಟು ಸುಟ್ಟ ಮೋಟಾರ್ ಹೀಗಿರುವುದಿಲ್ಲ, ಅದರಲ್ಲಿ ಕೆಲವು ಕಾಯಿಲ್ ಕಪ್ಪಾಗಿದ್ದರೆ ಉಳಿದವು ಚೆನ್ನಾಗಿರುತ್ತವೆ. ಎಲ್ಲವೂ ಸಮನಾಗಿ ಬೆಂದಿದ್ದರೆ ಅದು ಓವರ್‌ಲೋಡ್.

ಅವರು ಕೇಳಿದ್ದು, "ಮೋಟಾರಿನ ಸ್ಪೀಡ್ ಬದಲಾಗಲೇ ಇಲ್ಲವಲ್ಲ ಮಾರಾಯ್ರೆ, ಅದೇ 1440. ಮತ್ತೆ ಲೋಡ್ ಹೇಗೆ ಜಾಸ್ತಿ ಆಯ್ತು?"

ಈ ಒಂದು ನಂಬಿಕೆಯನ್ನು ನಾನು ಎಲ್ಲ ಕಡೆ ಕೇಳುತ್ತೇನೆ. ತೋಟದವರು ಮಾತ್ರ ಅಲ್ಲ, ವೈರಿಂಗ್ ಮಾಡುವ ಹುಡುಗರೂ ಇದನ್ನೇ ಹೇಳುತ್ತಾರೆ. ಪುಲ್ಲಿ ಬದಲಾಯಿಸಿದರೆ ಫ್ಯಾನ್ ಜೋರಾಗಿ ತಿರುಗುತ್ತದೆ, ಮೋಟಾರ್ ತನ್ನ ಪಾಡಿಗೆ ತಾನು ತಿರುಗುತ್ತದೆ, ಹಾಗಾಗಿ ಕರೆಂಟ್ ಅಷ್ಟೇ ಅಂತ. ಇದು ಪೂರ್ತಿ ತಪ್ಪು.

5 ಎಚ್‌ಪಿ ಎಂದು ಪ್ಲೇಟಿನ ಮೇಲೆ ಬರೆದಿದ್ದರೆ, ಮೋಟಾರ್ ಯಾವಾಗಲೂ 5 ಎಚ್‌ಪಿ ಕೊಡುತ್ತದೆ ಅಂತಲ್ಲ. ಅಷ್ಟರವರೆಗೆ ಕೊಟ್ಟರೆ ಸುಡುವುದಿಲ್ಲ ಅಂತ. ಮುಂದಿರುವ ಫ್ಯಾನ್ ಎಷ್ಟು ಕೇಳುತ್ತದೋ ಅಷ್ಟನ್ನು ಮೋಟಾರ್ ಲೈನಿನಿಂದ ಎಳೆದು ಕೊಡುತ್ತದೆ. 6 ಎಚ್‌ಪಿ ಕೇಳಿದರೆ 6 ಕೊಡುತ್ತದೆ, ಬಿಸಿಯಾಗುತ್ತಾ ಹೋಗುತ್ತದೆ. ಸ್ಪೀಡ್ ಮಾತ್ರ ಹೆಚ್ಚು ಕಡಿಮೆ ಅದೇ ಇರುತ್ತದೆ, ಹತ್ತಿಪ್ಪತ್ತು ಸುತ್ತು ಇಳಿಯಬಹುದು ಅಷ್ಟೇ. ಹಾಗಾಗಿ ಸ್ಪೀಡ್ ನೋಡಿ ಲೋಡ್ ಹೇಳಲು ಆಗುವುದಿಲ್ಲ.

ನಂಬಿಕೆ ಬರದಿದ್ದರೆ ನೀವೇ ನೋಡಿ. ಬೆಲ್ಟ್ ಬಿಚ್ಚಿ ಮೋಟಾರನ್ನು ಸುಮ್ನೆ ಓಡಿಸಿ, ವೈರಿಗೆ ಕ್ಲಾಂಪ್ ಹಿಡಿದು ಆಂಪ್ಸ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿ. ಅಂಥದ್ದೇ ಮೋಟಾರಿನಲ್ಲಿ ನಾನು ನೋಡಿದ್ದು 3 ಆಂಪ್ಸ್. ಬೆಲ್ಟ್ ಹಾಕಿ, 5 ಇಂಚಿನ ಪುಲ್ಲಿಯಲ್ಲಿ ಬ್ಲೋವರ್ ಓಡಿಸಿದೆ, 5.8 ಆಯಿತು. 6 ಇಂಚಿನದರಲ್ಲಿ 9.4. ಪ್ಲೇಟಿನ ಮೇಲೆ ಇದ್ದದ್ದು 7.5. ಮೂರೂ ಸಲ ಮೋಟಾರ್ ತಿರುಗಿದ್ದು ಹೆಚ್ಚು ಕಡಿಮೆ ಅದೇ ಸ್ಪೀಡಿನಲ್ಲಿ. ಅಳೆಯುವಾಗ ಕ್ಲಾಂಪಿನೊಳಗೆ ಒಂದೇ ಫೇಸಿನ ವೈರ್ ಇರಬೇಕು. ಮೂರನ್ನೂ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಅದನ್ನು ನೋಡಿ "ಲೋಡೇ ಇಲ್ಲ" ಅಂದವರೂ ಇದ್ದಾರೆ.

ಸೈಕಲ್ ತುಳಿದವರಿಗೆ ಇದು ಕಾಲಿಗೇ ಗೊತ್ತಿರುತ್ತದೆ. ಮುಂದಿನ ಹಲ್ಲುಚಕ್ರ ದೊಡ್ಡದಿದ್ದರೆ, ಪೆಡಲ್ ಅಷ್ಟೇ ವೇಗದಲ್ಲಿ ತಿರುಗಿಸಿದರೂ ಸೈಕಲ್ ಜೋರಾಗಿ ಹೋಗುತ್ತದೆ. ಆದರೆ ತೊಡೆ ನೋಯುತ್ತದೆ.

ಸರಿ, ಲೋಡ್ ಜಾಸ್ತಿ ಆಗುತ್ತದೆ. ಎಷ್ಟು? 5 ಇಂಚಿಗೆ ಒಂದಿಂಚು ಸೇರಿಸಿದರೆ ಶೇಕಡಾ 20 ಹೆಚ್ಚು, ಹಾಗಾಗಿ ಲೋಡೂ ಶೇಕಡಾ 20 ಹೆಚ್ಚು ಎಂದು ಲೆಕ್ಕ ಹಾಕಬೇಡಿ. ಬ್ಲೋವರ್ 720 ಸುತ್ತಿನಿಂದ 864ಕ್ಕೆ ಏರಿತು, ಅಂದರೆ 1.2 ಪಟ್ಟು. ಗಾಳಿಯೂ 1.2 ಪಟ್ಟು ಬರುತ್ತದೆ. ಆದರೆ ಅದೇ ಡಕ್ಟಿನಲ್ಲಿ, ಅದೇ ಟ್ರೇಗಳ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗಬೇಕಾದರೆ ತಡೆ ಬೆಳೆಯುತ್ತದೆ. ಆ ತಡೆ ವೇಗದ ವರ್ಗದಷ್ಟು ಬೆಳೆಯುತ್ತದೆ, 1.2 × 1.2, ಅಂದರೆ 1.44 ಪಟ್ಟು. ಅಟ್ಟಕ್ಕೆ ಮೂಟೆ ಹೊರುವುದನ್ನು ನೆನಪಿಸಿಕೊಳ್ಳಿ. ಅದೇ ಹೊತ್ತಿನಲ್ಲಿ 10ರ ಬದಲು 12 ಮೂಟೆ ಹೊರಬೇಕು, ಅದರ ಜೊತೆಗೆ ಅಟ್ಟವೂ ಹೆಚ್ಚು ಕಡಿಮೆ ಒಂದೂವರೆಪಟ್ಟು ಎತ್ತರವಾಯಿತು. ಎರಡೂ ಸೇರಿ ಗುಣಿಸಿದರೆ 1.2 × 1.44, ಅಂದರೆ 1.73 ಪಟ್ಟು ಕೆಲಸ. ವೇಗದ ಘನ ಎನ್ನುವುದು ಇದೇ.

5.8 ಆಂಪ್ಸ್ ಎಳೆಯುವಾಗ ಆ ಮೋಟಾರ್ ಹೆಚ್ಚು ಕಡಿಮೆ 3.6 ಎಚ್‌ಪಿ ಕೊಡುತ್ತಿತ್ತು. 1.73ರಿಂದ ಗುಣಿಸಿದರೆ 6.2 ಎಚ್‌ಪಿ. 5ರ ಮೋಟಾರ್ ಎಷ್ಟು ದಿನ ತಡೆದೀತು? ಅದೇ ಐದೂವರೆ ಇಂಚು ಹಾಕಿದ್ದರೆ 1.1ರ ಘನ, 1.33. ಅಂದರೆ 4.8 ಎಚ್‌ಪಿ, ಮಿತಿಯೊಳಗೆ. ಗಾಳಿ ಶೇಕಡಾ 10 ಹೆಚ್ಚು. ಅರ್ಧ ಇಂಚು ಹೆಚ್ಚಾದರೆ ಮೋಟಾರ್ ಉಳಿಯುತ್ತಿತ್ತು, ಒಂದಿಂಚಿಗೆ ಸುಟ್ಟಿತು. ಆದರೂ ಮಳೆಗಾಲದಲ್ಲಿ ನಮ್ಮ ಲೈನುಗಳ ವೋಲ್ಟೇಜ್ ಇಳಿಯುತ್ತದಲ್ವಾ? ಇಳಿದಾಗ ಅದೇ ಲೋಡಿಗೆ ಆಂಪ್ಸ್ ಏರುತ್ತದೆ. ಅದಕ್ಕೇ ನಾನಾದರೆ ಐದೂಕಾಲು ಇಂಚಿಗೆ ಲೇತಿನಲ್ಲಿ ಮಾಡಿಸುತ್ತೇನೆ, 4.2 ಎಚ್‌ಪಿ ಆಗುತ್ತದೆ, ನೆಮ್ಮದಿ.

ಪುಲ್ಲಿ ಬದಲಾಯಿಸಿದ ಮೇಲೆ ಮೋಟಾರನ್ನು ರೈಲಿನ ಮೇಲೆ ಸರಿಸಿ ಬೆಲ್ಟ್ ಬಿಗಿ ಸರಿಮಾಡಿ, ಎರಡೂ ಪುಲ್ಲಿಗಳಿಗೆ ದಾರ ಹಿಡಿದು ನೇರ ನೋಡಿ. ರಿಲೇ ಸೆಟ್ಟಿಂಗ್ ಪ್ಲೇಟಿನ ಆಂಪ್ಸ್ ದಾಟಬಾರದು.

ಯಾರೂ ಕೇಳದ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ಅಳತೆ ಕೆಡುವುದು ಇಲ್ಲಿಯೇ. ಗಾಳಿಯ ದಾರಿಗೆ ಹಾಕಿರುವ ಮುಚ್ಚಳ, ಅಂದರೆ ಡ್ಯಾಂಪರ್, ಮುಚ್ಚಿದರೆ ಬ್ಲೋವರ್ ಉಸಿರುಕಟ್ಟಿ ಲೋಡ್ ಏರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಡ್ರೈಯರ್‌ನ ಡಬ್ಬಿಯಂಥ ಬ್ಲೋವರ್‌ನಲ್ಲಿ ಆಗುವುದು ತಿರುಗಾಮುರುಗಾ. ಮುಚ್ಚಿದಾಗ ಸಾಗಿಸುವ ಗಾಳಿಯೇ ಕಡಿಮೆ, ಹಾಗಾಗಿ ಆಂಪ್ಸ್ ಇಳಿಯುತ್ತದೆ. ಶಬ್ದ ಕೇಳಿದರೆ ಒದ್ದಾಡಿದಂತೆ ಅನಿಸಿದರೂ ಮೀಟರ್ ಕೆಳಗೇ ಬರುತ್ತದೆ. ಗೋಡೆಗೆ ಹಾಕುವ ರೆಕ್ಕೆ ಫ್ಯಾನಿನಲ್ಲಿ ಮಾತ್ರ ಮುಚ್ಚಿದರೆ ಏರುತ್ತದೆ.

ಹಸಿ ಅಡಿಕೆ ತುಂಬಿದ ಟ್ರೇಗಳೂ ಡ್ಯಾಂಪರ್ ಮುಚ್ಚಿದ ಹಾಗೇ. ಆ ತೀರ್ಥಹಳ್ಳಿಯವರು ಹೊಸ ಪುಲ್ಲಿ ಹಾಕಿದ ದಿನ ಟ್ರೇ ತುಂಬ ಅಡಿಕೆ ಇತ್ತು, ಟ್ರಿಪ್ ಆಗಲಿಲ್ಲ. ಅಡಿಕೆ ಒಣಗಿ ಕುಗ್ಗಿ, ಅರ್ಧ ಟ್ರೇ ತೆಗೆದ ಮೇಲೆ ಗಾಳಿಗೆ ದಾರಿ ಸಿಕ್ಕಿತು, ಆಂಪ್ಸ್ ಏರಿತು. ಅದಕ್ಕೇ ಹೇಳುವುದು, ಅಳೆಯುವಾಗ ಟ್ರೇ ಖಾಲಿ ಇರಲಿ, ಡ್ಯಾಂಪರ್ ಪೂರ್ತಿ ತೆರೆದಿರಲಿ, ಒಲೆ ಹಚ್ಚುವ ಮೊದಲು ಗಾಳಿ ತಣ್ಣಗಿರಲಿ. ಅಲ್ಲಿ ಬಂದ ಆಂಪ್ಸ್ ಪ್ಲೇಟಿನೊಳಗಿದ್ದರೆ ಆಮೇಲೆ ಅಡಿಕೆ ತುಂಬಿ.