ಪದ ಪರಿಚಯ: ಚಾನಲ್

ಶಿರಸಿಯ ಮಾರಿಜಾತ್ರೆಗೆ ಹೋದಾಗ ಅಜ್ಜಿ ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ ನಮ್ಮ ಕುಮಟಾದ ಮನೆಯಲ್ಲಿದೆ. ಅದರ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ 'ಶಿರಸಿ ಜಾತ್ರೆ' ಎಂದು ಬರೆದಿದೆ. ಅಕ್ಷರಗಳು ಕೆನ್ನೆ ದಾಟಿ ಮೂಗಿನವರೆಗೂ ಬಂದಿವೆ. ಅಳಿಸಿಕೊಡಿ ಎಂದು ಮೊದಲು ಒಬ್ಬರಿಗೆ ಕೊಟ್ಟೆವು. ಬರಹದ ಜೊತೆ ಅಜ್ಜಿಯ ಮೂಗುತಿಯೂ ಹೋಗಿತ್ತು.

ಅವರು ಬಳಸಿದ್ದು ಫೋಟೊ ತಿದ್ದುವ ತಂತ್ರಾಂಶದ ಹೀಲಿಂಗ್ ಬ್ರಶ್. ಅದು ಪಕ್ಕದ ಚರ್ಮವನ್ನು ತಂದು ಕಲೆಯ ಮೇಲೆ ಹಚ್ಚುತ್ತದೆ. ಗೋಡೆ, ಪರದೆಯ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕಣ್ಣು, ತುಟಿ, ಮೂಗಿನ ಅಂಚಿನಲ್ಲಿ ಇರುವುದನ್ನೇ ನುಂಗಿಬಿಡುತ್ತದೆ. ಚಾನಲ್ ಗೊತ್ತಿದ್ದರೆ ಇದು ತಪ್ಪುತ್ತದೆ.

ಕಲರ್ ಸ್ಕ್ಯಾನರ್ ಪ್ರತಿ ಚುಕ್ಕೆಯನ್ನೂ ಕೆಂಪು, ಹಸಿರು, ನೀಲಿ ಎಂದು ಮೂರು ಬಗೆಯಲ್ಲಿ ಅಳೆಯುತ್ತದೆ. ಒಂದೊಂದು ಅಳತೆಯೂ ಒಂದೊಂದು ಬೂದು ಚಿತ್ರ. ಅದೇ ಚಾನಲ್. ನೀಲಿ ಶಾಯಿ ಕೆಂಪು ಬೆಳಕನ್ನು ಹೀರುತ್ತದೆ, ನೀಲಿಯನ್ನು ವಾಪಸು ಕಳಿಸುತ್ತದೆ. ಹಾಗಾಗಿ ಕೆಂಪು ಚಾನಲ್‌ನಲ್ಲಿ ಬರಹ ಕಪ್ಪಗೆ ಕಾಣುತ್ತದೆ, ನೀಲಿ ಚಾನಲ್‌ನಲ್ಲಿ ತೀರಾ ಮಸುಕಾಗುತ್ತದೆ. ಮುಖ ಮಾತ್ರ ಮೂರರಲ್ಲೂ ಇರುತ್ತದೆ. ಅಂದರೆ ಶಾಯಿಯ ಅಡಿಯ ಕೆನ್ನೆಯನ್ನು ನಾವು ಊಹಿಸಬೇಕಿಲ್ಲ, ಅದು ಸ್ಕ್ಯಾನಿನಲ್ಲೇ ಇದೆ! ಕೆಂಪು ಶಾಯಿಯ ತಾರೀಖಿನ ಮುದ್ರೆಯಾದರೆ ಕೆಂಪು ಚಾನಲ್ ನೋಡಬೇಕು. ಕಪ್ಪು ಶಾಯಿಗೆ ಈ ದಾರಿ ನಡೆಯುವುದಿಲ್ಲ.

ಹಾಗಾಗಿ ಕಪ್ಪುಬಿಳುಪು ಫೋಟೊ ಅಲ್ವಾ ಅಂತ ಬೂದು ಬಣ್ಣದಲ್ಲಿ ಸ್ಕ್ಯಾನ್ ಮಾಡಬೇಡಿ. ಕಲರ್‌ನಲ್ಲೇ, 600 ಡಿಪಿಐಗೆ ಮಾಡಿ, ಟಿಫ್ ಆಗಿ ಉಳಿಸಿ. ಜೆಪೆಗ್ ಬಣ್ಣದ ವಿವರವನ್ನೇ ಹೆಚ್ಚು ಕಳೆದುಬಿಡುತ್ತದೆ.

ಅಂಥದೇ ತಂತ್ರಾಂಶವಾದ ಗಿಂಪ್‌ನಲ್ಲಿ `Colors > Components > Decompose` ಕೊಟ್ಟು `RGB` ಆರಿಸಿದೆ. ಮೂರು ಚಾನಲ್‌ಗಳು ಮೂರು ಲೇಯರ್ ಆಗಿ ಬಂದವು. ಕೆಂಪನ್ನು ಮೇಲಿಟ್ಟು, ನೀಲಿಯನ್ನು ಅದರ ಕೆಳಗಿಟ್ಟು, ಹಸಿರನ್ನು ಮರೆಮಾಡಿದೆ. ಕಾಗದ ಹಳದಿಯಾಗಿದ್ದರಿಂದ ನೀಲಿ ಲೇಯರ್ ಕಪ್ಪಾಗಿತ್ತು. ಎರಡರಲ್ಲೂ ಹಣೆ ಒಂದೇ ಥರ ಕಾಣುವವರೆಗೆ ಅದನ್ನು `Curves`ನಲ್ಲಿ ತಿಳಿಯಾಗಿಸಿದೆ. ಆಮೇಲೆ ಕೆಂಪಿಗೆ ಬಿಳಿ ಮಾಸ್ಕ್ ಹಾಕಿ, ಆ ಮಾಸ್ಕಿನಲ್ಲಿ ಅಕ್ಷರಗಳ ಮೇಲಷ್ಟೇ ಸಣ್ಣ ಬ್ರಶ್ಶಿನಿಂದ ಕಪ್ಪು ಬಳಿದೆ. ಬಳಿದಲ್ಲೆಲ್ಲ ಕೆಳಗಿನ ನೀಲಿ ಲೇಯರ್ ಕಾಣತೊಡಗಿತು. ಮೂಗುತಿ ಹಾಗೇ ಉಳಿಯಿತು.

ಪೂರ್ತಿ ಚಿತ್ರವನ್ನೇ ನೀಲಿ ಚಾನಲ್‌ನಿಂದ ತೆಗೆದುಕೊಳ್ಳಬಹುದಿತ್ತು. ಆದರೆ ನಮ್ಮ ಕರಾವಳಿಯ ಮಳೆಗಾಲ ಕಂಡ ಫೋಟೊಗಳಲ್ಲಿ ಕಂದು ಚುಕ್ಕೆಗಳಿರುತ್ತವೆ, ನೀಲಿಯಲ್ಲಿ ಅವು ಎದ್ದು ಕಾಣುತ್ತವೆ.

'ಜಾ' ಅಕ್ಷರದ ಗುರುತು ಮಾತ್ರ ಹೋಗಲಿಲ್ಲ. ಅಲ್ಲಿ ಪೆನ್ನು ಒತ್ತಿ ಕಾಗದ ತಗ್ಗಾಗಿತ್ತು. ತಗ್ಗಿನ ನೆರಳು ಮೂರೂ ಚಾನಲ್‌ನಲ್ಲಿ ಬೀಳುತ್ತದೆ. ಅದು ಕೆನ್ನೆಯ ನಡುವೆ ಇದ್ದದ್ದರಿಂದ ಅಷ್ಟಕ್ಕೆ ಹೀಲಿಂಗ್ ಬ್ರಶ್ ಸಾಕಾಯಿತು. ಬರಹವಿರುವ ಸ್ಕ್ಯಾನನ್ನೂ ಉಳಿಸಿಕೊಂಡಿದ್ದೇನೆ. ಅದು ಅಜ್ಜನ ಕೈಬರಹ ಎಂದು ಅತ್ತೆ ಗುರುತಿಸಿದರು.