ಕೊಯ್ಲೊಸೈಟ್: ಬಿಳಿ ಉಂಗುರ ಕಂಡದ್ದೆಲ್ಲ ಅದಲ್ಲ

ಈ ಮಳೆಗಾಲದಲ್ಲಿ ಇದು ಆರನೇ ಸಲ. ಮಂಗಳೂರಿನ ನಮ್ಮ ಲ್ಯಾಬ್ ಗೆಳೆಯರ ವಾಟ್ಸಾಪ್ ಗುಂಪಿಗೆ, ಗರ್ಭಕೊರಳಿನ ಕೋಶಗಳನ್ನು ಪರೀಕ್ಷಿಸುವ ಪ್ಯಾಪ್ ಸ್ಮಿಯರ್‌ನ ಒಂದು ಫೋಟೋ ಬರುತ್ತದೆ. ನಡುವೆ ಒಂದು ಸ್ಕ್ವೇಮಸ್ ಕೋಶ, ಅದರ ನ್ಯೂಕ್ಲಿಯಸ್ ಸುತ್ತ ಬಿಳಿ ಉಂಗುರ, ಅದಕ್ಕೊಂದು ಕೆಂಪು ಬಾಣ. ಕೆಳಗೆ ‘ಕ್ಲಾಸಿಕ್ ಕೊಯ್ಲೊಸೈಟ್’ ಅಂತ ಬರೆದಿರುತ್ತದೆ. ನಾನು ನೋಡುವಷ್ಟರಲ್ಲಿ ಹತ್ತು ಜನ ಹೆಬ್ಬೆರಳು ಎತ್ತಿ ಆಗಿರುತ್ತದೆ. ಆರರಲ್ಲಿ ಐದು ಕೊಯ್ಲೊಸೈಟ್ ಅಲ್ಲವೇ ಅಲ್ಲ.

ಮೊದಲು ಹೆಸರು ನೋಡೋಣ. ಏಣೆಲು ಭತ್ತದ ಕೊಯ್ಲಿಗೂ ಇದಕ್ಕೂ ಸಂಬಂಧ ಇಲ್ಲ. (ಪ್ರತಿ ವರ್ಷ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಈ ಜೋಕ್ ಹೊಡೆಯುತ್ತಾರೆ, ನಾನೂ ಪ್ರತಿ ವರ್ಷ ನಗುತ್ತೇನೆ.) ಗ್ರೀಕಿನಲ್ಲಿ ‘ಕೊಯ್ಲೋಸ್’ ಅಂದರೆ ಟೊಳ್ಳು, ಕುಳಿ ಬಿದ್ದದ್ದು. ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿಯಾದಾಗ ಉಗುರು ಚಮಚದ ಹಾಗೆ ಕುಳಿ ಬೀಳುತ್ತದಲ್ಲ, ಆ ಕೊಯ್ಲೊನಿಕಿಯಾ ಕೂಡ ಇದೇ ಬೇರಿನದು. ಇನ್ನು ‘ಸೈಟ್’ ಬಂದದ್ದು ‘ಕೈಟೋಸ್’ನಿಂದ. ಅದಕ್ಕೆ ಪಾತ್ರೆ ಅಂತ ಅರ್ಥ. ಎರಡನ್ನೂ ಸೇರಿಸಿದರೆ ಟೊಳ್ಳು ಪಾತ್ರೆ. ಗಮನಿಸಿ, ಉಂಗುರ ಅಲ್ಲ, ಪ್ರಭಾವಳಿಯೂ ಅಲ್ಲ. ಪಾತ್ರೆ. ಪಾತ್ರೆಗೆ ಅಂಚು ಇರುತ್ತದೆ.

ಈ ಪದವನ್ನು 1956ರಲ್ಲಿ ಚಾಲ್ತಿಗೆ ತಂದವರು ಲಿಯೋಪೋಲ್ಡ್ ಕಾಸ್ ಮತ್ತು ಗ್ರೇಸ್ ಡರ್ಫಿ. ಆದರೆ ಅವರು ಬರೆದದ್ದು ‘ಕೊಯ್ಲೊಸೈಟೋಟಿಕ್ ಎಟಿಪಿಯಾ’ ಅಂತ. ಎರಡು ಪದ. ಮೊದಲನೆಯದು ಸೈಟೋಪ್ಲಾಸಂನ ಟೊಳ್ಳನ್ನು ಹೇಳುತ್ತದೆ, ಎರಡನೆಯದು ನ್ಯೂಕ್ಲಿಯಸ್ ಕೆಟ್ಟದ್ದನ್ನು. ನಮ್ಮ ಜನ ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟರು. ಎಲ್ಲ ಎಡವಟ್ಟು ಶುರುವಾಗುವುದು ಇಲ್ಲಿಂದಲೇ. 1976ರಲ್ಲಿ ಮೈಸೆಲ್ಸ್ ಮತ್ತು ಫೋರ್ಟಿನ್ ಈ ಕೋಶಗಳು ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಸ್ ಆದ ಎಚ್‌ಪಿವಿ ಸೋಂಕಿನ ಗುರುತು ಅಂತ ತೋರಿಸಿದರು. ಆ ವೈರಸ್‌ನ ಇ4 ಅನ್ನುವ ಪ್ರೋಟೀನ್ ಕೋಶದೊಳಗಿನ ಕೆರಾಟಿನ್ ಬಲೆಯನ್ನು ಕೆಡವುತ್ತದೆ. ಹಾಗಾಗಿ ನ್ಯೂಕ್ಲಿಯಸ್ ಸುತ್ತ ಖಾಲಿ ಜಾಗ, ಹೊರಗೆ ಒತ್ತಾದ ದಪ್ಪ ಅಂಚು. ಟೊಳ್ಳು ದೊಡ್ಡದು, ಓರೆಕೋರೆ, ಗಡಿ ಮಾತ್ರ ಚಾಕುವಿನಲ್ಲಿ ಕೊರೆದ ಹಾಗೆ. ಗುಳಿಯಪ್ಪದ ಕಾವಲಿ ನೆನಪು ಮಾಡಿಕೊಳ್ಳಿ, ಗುಳಿ ಎಲ್ಲಿ ಮುಗಿಯಿತು ಅಂತ ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತದೆ. ಒಳಗಿನ ನ್ಯೂಕ್ಲಿಯಸ್ ದೊಡ್ಡದು, ಕಪ್ಪು, ಒಣದ್ರಾಕ್ಷಿಯ ಹಾಗೆ ಸುಕ್ಕು. ಎಷ್ಟೋ ಸಲ ಒಂದಲ್ಲ, ಎರಡಿರುತ್ತವೆ.

ಉರಿಯೂತದ ಉಂಗುರ ಹೀಗಲ್ಲ. ಮೋಡದ ರಾತ್ರಿ ಚಂದ್ರನ ಸುತ್ತ ಕಾಣುವ ಬಳೆಯ ಹಾಗೆ ಅದು ಕಿರಿದು, ಸುತ್ತಲೂ ಒಂದೇ ಅಗಲ, ಅಂಚು ಮಸುಕು. ಗರ್ಭಿಣಿಯರ ಸ್ಮಿಯರ್‌ನಲ್ಲಿ ಇನ್ನೊಂದು ಮೋಸ ಇದೆ. ದೋಣಿ ಆಕಾರದ ಕೋಶಗಳಲ್ಲಿ ಗ್ಲೈಕೋಜನ್ ತುಂಬಿ ನಡುವೆ ತಿಳಿಯಾಗಿ, ಕೆಲವೊಮ್ಮೆ ಹಳದಿಯಾಗಿ ಕಾಣುತ್ತದೆ. ನ್ಯೂಕ್ಲಿಯಸ್ ಬದಿಗೆ ಸರಿದಿರುತ್ತದೆ, ಆದರೆ ಆರೋಗ್ಯವಾಗಿರುತ್ತದೆ. ಅದು ಪೂರ್ತಿ ನಾರ್ಮಲ್. ಅದನ್ನು ನೋಡಿ ವೈರಸ್ ಅಂದರೆ ಪಾಪ, ಬಸುರಿ ಹೆಂಗಸು ರಾತ್ರಿ ನಿದ್ದೆ ಮಾಡಲ್ಲ.

ಆರನೇ ಫೋಟೋ ಕಳಿಸಿದ ಹುಡುಗಿ ನನ್ನ ಹಳೇ ವಿದ್ಯಾರ್ಥಿನಿ. “ಮೇಡಂ, ಇದು ಎಲ್‌ಸಿಲ್ ಅಲ್ವಾ?” ಅಂತ ಬೇರೆ ಕೇಳಿದಳು. ಎಚ್‌ಪಿವಿಯಿಂದ ಕೋಶಗಳಲ್ಲಾಗುವ ಕೆಳದರ್ಜೆಯ ಬದಲಾವಣೆಗೆ ವರದಿಯಲ್ಲಿ ಬರೆಯುವ ಹೆಸರು ಅದು. “ಮಾರಾಯ್ತಿ, ಬಾಣ ತೆಗೆದು ಕಳಿಸು” ಅಂದೆ. ಬಾಣ ಇದ್ದರೆ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ.

ಫೋಟೋದಲ್ಲಿ ಅಳತೆಯ ಗೆರೆ ಇರಲಿಲ್ಲ, ಫೋನಿನಲ್ಲಿ ತೆಗೆದದ್ದಲ್ಲವೇ. ಆದರೆ ಪಕ್ಕದಲ್ಲೇ ನಾರ್ಮಲ್ ಇಂಟರ್‌ಮೀಡಿಯೇಟ್ ಕೋಶಗಳು ಇದ್ದವು. ಅಳತೆಗೋಲು ಅದೇ. ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟೆ. ನಾರ್ಮಲ್ ನ್ಯೂಕ್ಲಿಯಸ್‌ಗೆ 7 ಮಿ.ಮೀ. ಅಡ್ಡಳತೆ, ಬಾಣದ ಕೋಶದ್ದಕ್ಕೆ 9. ಪ್ಯಾಪ್ ವರದಿ ಬರೆಯುವ ಬೆಥೆಸ್ಡಾ ಪದ್ಧತಿಯಲ್ಲಿ ಎಲ್‌ಸಿಲ್ ಅನ್ನಲು ನ್ಯೂಕ್ಲಿಯಸ್ ಮೂರು ಪಟ್ಟಿಗಿಂತ ದೊಡ್ಡದಿರಬೇಕು, ಖಚಿತವಾಗಿ ಹೇಳಲಾಗದ ದರ್ಜೆಯಾದ ಆಸ್ಕಸ್‌ಗೆ ಸುಮಾರು ಎರಡೂವರೆಯಿಂದ ಮೂರು ಪಟ್ಟು. ಈ ಪಟ್ಟು ಹರವಿನ ಲೆಕ್ಕ, ಅಡ್ಡಳತೆಯದ್ದಲ್ಲ. 9ರ ವರ್ಗ 81, 7ರ ವರ್ಗ 49. ಭಾಗಿಸಿದರೆ ಒಂದೂವರೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೂರು ಪಟ್ಟು ಆಗಬೇಕಾದರೆ ಅಡ್ಡಳತೆ 12 ದಾಟಬೇಕಿತ್ತು. ಇನ್ನು ಕೆಲವರು ಅಡ್ಡಳತೆಯೇ ಮೂರು ಪಟ್ಟು ಆಗಲಿ ಅಂತ ಕಾಯುತ್ತಾರೆ. ಹಾಗೆ 21 ಮಿ.ಮೀ.ಗೆ ಕಾದರೆ ನಿಜವಾದ ಕೊಯ್ಲೊಸೈಟ್‌ಗಳೂ ಕೈತಪ್ಪುತ್ತವೆ.

ನ್ಯೂಕ್ಲಿಯಸ್‌ನ ಅಂಚು ನಯವಾಗಿತ್ತು, ಒಳಗಿನ ಡಿಎನ್‌ಎ ಹೊತ್ತ ಕ್ರೊಮ್ಯಾಟಿನ್ ಒಂದೇ ಸಮ ಹರಡಿತ್ತು. ಉಂಗುರ ಕಿರಿದು, ಮಸುಕು. ಸುತ್ತ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳ ಜಾತ್ರೆ. ಮತ್ತೆ ಬಾಣ ತೆಗೆದ ಮೇಲೆ ಕಂಡದ್ದು: ಬಲಗಡೆ ಪೇರಳೆ ಆಕಾರದ ಬೂದು ವಸ್ತು, ಅದರೊಳಗೆ ಮಾಸಲು, ಉದ್ದನೆಯ ಸಣ್ಣ ನ್ಯೂಕ್ಲಿಯಸ್. ಅದು ಒಂದೇ ಕೋಶದ ಪರೋಪಜೀವಿ, ಟ್ರೈಕೊಮೊನಾಸ್. ಫೋಟೋದಲ್ಲಿದ್ದದ್ದು ಉರಿಯೂತದ ಬದಲಾವಣೆ, ವೈರಸ್‌ನ ಗುರುತಲ್ಲ. ಸ್ಲೈಡ್‌ನ ಉಳಿದ ಭಾಗವೂ ಹೀಗೇ ಇದ್ದರೆ ವರದಿ ನಿಲ್ಮ್, ಅಂದರೆ ಕ್ಯಾನ್ಸರಿನ ಲಕ್ಷಣ ಇಲ್ಲ, ಜೊತೆಗೆ ಟ್ರೈಕೊಮೊನಾಸ್. ಮಾತ್ರೆಯಲ್ಲಿ ಮುಗಿಯುವ ಸಂಗತಿ.

“ಆದ್ರೆ ಮೇಡಂ, ನ್ಯೂಕ್ಲಿಯಸ್ ದೊಡ್ಡದಾಗಿದೆಯಲ್ಲ?” ಅಂದಳು. ಆಗಿದೆ. ಉರಿಯೂತದಲ್ಲಿ ಒಂದೂವರೆ, ಎರಡು ಪಟ್ಟು ಆಗಬಹುದು. ಸ್ಮಿಯರ್ ಹಚ್ಚಿದ ತಕ್ಷಣ 95% ಆಲ್ಕೋಹಾಲ್‌ಗೆ ಹಾಕದೆ, ಮಾತಾಡುತ್ತಾ ಸ್ಲೈಡನ್ನು ಫ್ಯಾನ್ ಕೆಳಗೆ ಬಿಟ್ಟರೂ ನ್ಯೂಕ್ಲಿಯಸ್ ಉಬ್ಬುತ್ತದೆ. ಆದರೆ ಒಣಗಿ ಉಬ್ಬಿದ್ದು ಸಪ್ಪೆಯಾಗಿ, ಒರೆಸಿದ ಹಾಗೆ ಇರುತ್ತದೆ, ಒಳಗಿನ ವಿವರವೇ ಕಾಣದು. ಕಾಯಿಲೆಯಿಂದ ದೊಡ್ಡದಾದದ್ದು ಕಪ್ಪಾಗುತ್ತದೆ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಆಗ ಮೊದಲು ಹಾಳಾಗುವುದು ಕ್ರೊಮ್ಯಾಟಿನ್. ಅದಕ್ಕೇ ಗುಂಪಿನಲ್ಲಿ ನಾನು ವರದಿ ಹೇಳುವುದಿಲ್ಲ, ಸ್ಲೈಡ್ ತನ್ನಿ ಅನ್ನುತ್ತೇನೆ.

ಉಂಗುರ ಹುಡುಕುವ ಚಟಕ್ಕೆ ಇನ್ನೊಂದು ನಷ್ಟ ಇದೆ, ನನಗೆ ನಿಜಕ್ಕೂ ಸಿಟ್ಟು ಬರುವುದು ಅದಕ್ಕೆ. ಹಿಂದಿನ ತಿಂಗಳು ಬಂದ ಫೋಟೋದಲ್ಲಿ ಬಾಣ ಸರಿಯಾದ ಕೊಯ್ಲೊಸೈಟ್‌ಗೇ ಇತ್ತು. ಆರರಲ್ಲಿ ಸರಿಯಾದದ್ದು ಅದೊಂದೇ. ಎಲ್ಲರೂ ಶಭಾಷ್ ಅಂದರು. ಕೆಳಗಿನ ಮೂಲೆಯಲ್ಲಿ ಏಳೆಂಟು ಪುಟ್ಟ ಕೋಶಗಳು ಸಾಲಾಗಿದ್ದವು. ಉಂಗುರ ಇಲ್ಲ, ಟೊಳ್ಳಿಲ್ಲ. ನೋಡಲು ಆಳದ ಪದರದ ಪ್ಯಾರಾಬೇಸಲ್ ಕೋಶದಷ್ಟೇ ಗಾತ್ರ. ನ್ಯೂಕ್ಲಿಯಸ್ ಕೊಯ್ಲೊಸೈಟ್‌ನದ್ದಕ್ಕಿಂತ ಚಿಕ್ಕದು, ಆದರೆ ಅದರ ಸುತ್ತ ಸೈಟೋಪ್ಲಾಸಂ ನೂಲೆಳೆಯಷ್ಟು ಮಾತ್ರ. ಅಂಚು ಅಂಕುಡೊಂಕು, ಕ್ರೊಮ್ಯಾಟಿನ್ ತರಿತರಿ. ಅದನ್ನು ಎಚ್‌ಸಿಲ್ ಅಂತ ಅನುಮಾನಿಸಬೇಕು, ಅಂದರೆ ಕ್ಯಾನ್ಸರಿಗೆ ತಿರುಗಬಹುದಾದ ಮೇಲ್ದರ್ಜೆಯ ಬದಲಾವಣೆ. ಅಲ್ಲಿಗೆ ಬಾಣ ಹಾಕಿದವರು ಒಬ್ಬರೂ ಇಲ್ಲ. ಮರುದಿನ ಸ್ಲೈಡ್ ತರಿಸಿ ಇಡೀ ನೋಡಿದಾಗ ಅಂಥ ಗುಂಪು ಇನ್ನೂ ನಾಲ್ಕು ಸಿಕ್ಕಿತು. ವರದಿ ಎಚ್‌ಸಿಲ್ ಆಯಿತು, ಗರ್ಭಕೊರಳನ್ನು ಹಿಗ್ಗಿಸಿ ನೋಡುವ ಕಾಲ್ಪೊಸ್ಕೋಪಿ ಮಾಡಿಸಿ ಅಂತ ಬರೆದು ಕಳಿಸಿದೆವು.